ಹಕ್ಕಿಯ ಹಿಕ್ಕೆಯ ಕಲೆ: ಉಜ್ಜುವ ಮೊದಲು ನೆನೆಸಿರಿ



ನಮ್ಮ ಮುಂಡಗೋಡ ತಾಲೂಕಿನಲ್ಲಿ ಹಕ್ಕಿಗಳಿಗೆ ಬರಗಾಲವಿಲ್ಲ. ಅತ್ತಿವೇರಿ ಜಲಾಶಯದ ಸುತ್ತ ಪಕ್ಷಿಧಾಮವೇ ಇದೆ. ಇಂದೂರಿನ ಕಡೆ ಗದ್ದೆಗೆ ನೀರು ಬಿಟ್ಟರೆ ಸಾಕು, ಬೆಳ್ಳಕ್ಕಿಗಳ ಸಾಲು ಬಂದು ಇಳಿಯುತ್ತದೆ. ತಾರಸಿಯ ಮೇಲೆ ಗೋವಿನಜೋಳ ಹರವಿದರೆ ಪಾರಿವಾಳ, ಗುಬ್ಬಿಗಳಿಗೆ ಊಟದ ಕರೆ ಕಳಿಸಿದಂತೆ. ನೇರಳೆ, ಆಲ, ಬಸರಿ ಹಣ್ಣಾದವೆಂದರೆ ಮೈನಾ, ಪಿಕಳಾರಗಳು ಹಿತ್ತಲಿನಲ್ಲಿಯೇ ಬಿಡಾರ ಹೂಡುತ್ತವೆ. ಹಕ್ಕಿಗಳು ಹುಳ ತಿಂದು ನಮಗೆ ಉಪಕಾರ ಮಾಡುತ್ತವೆಂಬುದು ನಿಮಗೆ ಗೊತ್ತಿದ್ದದ್ದೇ. ಆದರೆ ಒಗೆದು ಹಾಕಿದ ಬಟ್ಟೆ, ಬಣ್ಣ ಹಚ್ಚಿದ ಬಾಗಿಲು, ಮಹಡಿಯ ಬಾಲ್ಕನಿ ಇವುಗಳ ಮೇಲೆ ಅವು ಬಿಟ್ಟುಹೋಗುವ ಹಿಕ್ಕೆಯನ್ನು ತೆಗೆಯುವುದು ಹೇಗೆಂಬುದನ್ನು ಯಾರೂ ನಮಗೆ ಹೇಳಿಕೊಡುವುದಿಲ್ಲ. ಕಂಡ ಕೂಡಲೇ ಕೈಗೆ ಸಿಕ್ಕ ಅರಿವೆಯಿಂದ ಒರೆಸುತ್ತೇವೆ, ಇಲ್ಲವೆ ಪೊರಕೆ ಹಿಡಿದು ಗುಡಿಸುತ್ತೇವೆ. ಈ ಎರಡೂ ತಪ್ಪು. ಮೊದಲನೆಯದರಿಂದ ಕಲೆ ಕಾಯಂ ಆಗುತ್ತದೆ. ಎರಡನೆಯದರಿಂದ ಎದೆಗೆ ರೋಗ ಬರುವ ಸಂಭವವಿದೆ.

ಹಿಕ್ಕೆ ಎಂದರೇನೆಂದು ಮೊದಲು ತಿಳಿದರೆ ಮುಂದಿನದು ಸುಲಭ. ದನಕರುಗಳು ಸಗಣಿಯನ್ನು ಬೇರೆ, ಗಂಜಲವನ್ನು ಬೇರೆ ಹಾಕುತ್ತವೆ. ಹಕ್ಕಿಗೆ ಎರಡಕ್ಕೂ ಒಂದೇ ದಾರಿ. ಹಿಕ್ಕೆಯಲ್ಲಿ ಕಾಣುವ ಕಪ್ಪು ಅಥವಾ ಹಸಿರು ಭಾಗವು ಅದರ ಮಲ. ಸುತ್ತಲಿನ ಬಿಳಿ ಭಾಗವು ಅದರ ಮೂತ್ರ. ದನದ ಗಂಜಲದಲ್ಲಿರುವುದು ಯೂರಿಯಾ. ನೀವು ಹೊಲಕ್ಕೆ ಹಾಕುವ ಚೀಲದ ಯೂರಿಯಾ ಕೂಡ ಅದೇ ವಸ್ತು. ಯೂರಿಯಾ ನೀರಿನಲ್ಲಿ ಎಷ್ಟು ಬೇಗ ಕರಗುತ್ತದೆಂಬುದನ್ನು ನೀವು ಬಲ್ಲಿರಿ. ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ಕಿಲೋ ಯೂರಿಯಾ ಕರಗಿಹೋಗುತ್ತದೆ. ಹಕ್ಕಿಯ ಬಿಳಿ ಭಾಗದಲ್ಲಿ ಹೆಚ್ಚಾಗಿ ಇರುವುದು ಯೂರಿಕ್ ಆಮ್ಲ ಮತ್ತು ಅದರ ಲವಣಗಳು. ಹೆಸರು ಯೂರಿಯಾಕ್ಕೆ ಹತ್ತಿರವಾದರೂ ಗುಣ ಪೂರ್ತಿ ಬೇರೆ. ಒಂದು ಲೀಟರ್ ತಣ್ಣೀರಿನಲ್ಲಿ ಯೂರಿಕ್ ಆಮ್ಲವು ಸುಮಾರು 60 ಮಿಲಿಗ್ರಾಂ ಮಾತ್ರ ಕರಗುತ್ತದೆ. ಅಂದರೆ ಒಂದು ಚಿಟಿಕೆಯೂ ಅಲ್ಲ. ಹಾರಾಡುವ ಪ್ರಾಣಿಗೆ ನೀರಿನ ಭಾರ ಹೊರುವುದು ಕಷ್ಟವಾದ್ದರಿಂದ, ಕಡಿಮೆ ನೀರಿನಲ್ಲಿ ಸರದಂತೆ ಹೊರಹಾಕುವ ಈ ಏರ್ಪಾಡು ಅದಕ್ಕೆ ಅನುಕೂಲ. ನಮಗೆ ಮಾತ್ರ ಅನನುಕೂಲ.

ಆದುದರಿಂದ ನೀರು ಹಾಕಿ ಹಿಕ್ಕೆಯನ್ನು ಕರಗಿಸಿಬಿಡುತ್ತೇನೆಂದು ಹೊರಡುವುದು ವ್ಯರ್ಥ. ಹಾಗಾದರೆ ನೀರೇಕೆ ಬೇಕು? ಆ ಬಿಳಿ ಪದಾರ್ಥವು ಬಹಳ ಸಣ್ಣ ಕಣಗಳಾಗಿರುತ್ತದೆ. ಲೋಳೆಯಂಥ ಅಂಟು ಆ ಕಣಗಳನ್ನು ಒಂದಕ್ಕೊಂದು ಕಚ್ಚಿಸಿ ಹಿಡಿದಿರುತ್ತದೆ. ಒಣಗಿದಾಗ ಈ ಅಂಟು ಗೋಂದಿನಂತೆ ಗಟ್ಟಿಯಾಗುತ್ತದೆ. ನೀರು ಕುಡಿದಾಗ ಮತ್ತೆ ಸಡಿಲುತ್ತದೆ. ಅಂಟು ಸಡಿಲಿತೆಂದರೆ ಕಣಗಳು ತಾವಾಗಿ ಎದ್ದುಬರುತ್ತವೆ. ನಮ್ಮ ಕೆಲಸ ಕರಗಿಸುವುದಲ್ಲ, ಎಬ್ಬಿಸುವುದು. ಅಂಟು ಸಡಿಲಲು ಹೊತ್ತು ಬೇಕು. ಆ ಹೊತ್ತನ್ನು ಕೊಡದೆ ಉಜ್ಜಿದರೆ ಕಣಗಳು ಬಟ್ಟೆಯ ಎಳೆಗಳ ಸಂದಿಗೆ, ಸಿಮೆಂಟಿನ ರಂಧ್ರಗಳಿಗೆ ಹೋಗಿ ಕೂಡುತ್ತವೆ. ಬಟ್ಟೆಗಾಗಲಿ, ಬಾಗಿಲಿಗಾಗಲಿ, ನೆಲಕ್ಕಾಗಲಿ ಇದೊಂದೇ ತತ್ವ. ಕೈಚಳಕ ಮಾತ್ರ ಬೇರೆ ಬೇರೆ.

ಬಾಲ್ಕನಿಯ ಕೆಲಸ

ಮಹಡಿಯ ಬಾಲ್ಕನಿ, ಕಿಟಕಿಯ ಮೇಲಿನ ಸಜ್ಜಾ, ಅಟ್ಟದ ಮೂಲೆ ಇಂಥ ಕಡೆ ಪಾರಿವಾಳಗಳು ವರ್ಷವಿಡೀ ಕೂತು ಹಿಕ್ಕೆಯ ಗುಡ್ಡೆಯನ್ನೇ ಹಾಕಿರುತ್ತವೆ. ಇಲ್ಲಿ ಕಲೆಗಿಂತ ದೂಳಿನ ಭಯ ಹೆಚ್ಚು. ಹಳೆಯ ಹಿಕ್ಕೆಯಲ್ಲಿ ಕೆಲವು ಜಾತಿಯ ಬೂಸ್ಟು ಬೆಳೆಯುತ್ತದೆ, ಕೆಲವು ರೋಗಾಣುಗಳೂ ಇರಬಹುದು. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದಾಗ ಅವು ದೂಳಿನ ಜೊತೆಗೆ ಎದ್ದು ಪುಪ್ಪುಸಕ್ಕೆ ಇಳಿಯುತ್ತವೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ದಮ್ಮಿನ ರೋಗಿಗಳು, ಎಳೆಯ ಕೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ರೋಗ ತಡೆಯುವ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಇದರಿಂದ ಜೋರಾಗಿ ಹಾಸಿಗೆ ಹಿಡಿಯಬಹುದು. ಆದ್ದರಿಂದ ಕೆಲಸದ ದಿನ ಅಂಥವರನ್ನು ಆ ಕಡೆ ಸುಳಿಯಗೊಡಬೇಡಿರಿ. ಗಾಳಿ ಬೀಸದ ಮುಂಜಾವು ಈ ಕೆಲಸಕ್ಕೆ ಒಳ್ಳೆಯ ಹೊತ್ತು.

ಮೂಗಿಗೆ ಟವೆಲ್ಲು ಕಟ್ಟಿಕೊಂಡರೆ ಸಾಕೆಂದು ಹಲವರು ತಿಳಿದಿದ್ದಾರೆ. ಟವೆಲ್ಲು ಸಿಡಿಯುವ ಹನಿಯನ್ನು ತಡೆಯುತ್ತದೆಯೇ ಹೊರತು ಕಣ್ಣಿಗೆ ಕಾಣದ ದೂಳನ್ನು ತಡೆಯುವುದಿಲ್ಲ. ಗುಡ್ಡೆ ದೊಡ್ಡದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಎನ್-95 ಮುಖಗವಸನ್ನು ತಂದು, ಮೂಗಿನ ಎರಡೂ ಬದಿಗೆ ಬಿಗಿಯಾಗಿ ಒತ್ತಿ ಹಾಕಿಕೊಳ್ಳಿರಿ. ಕೈಗೆ ರಬ್ಬರಿನ ಗವಸು ಇರಲಿ.

ಕಳೆದ ಬೇಸಿಗೆಯ ಕೊನೆಗೆ ಇಂದೂರಿನ ಒಂದು ಮನೆಯಲ್ಲಿ ನಾವು ಮಾಡಿದ ಕ್ರಮವನ್ನು ಹೇಳುತ್ತೇನೆ. ಬಾಲ್ಕನಿಯ ಉದ್ದ ಸುಮಾರು ಎಂಟು ಅಡಿ, ಅಗಲ ಮೂರು ಅಡಿ. ಗೋವಿನಜೋಳ ಒಣಹಾಕುವ ತಾರಸಿಗೆ ಅದು ಹೊಂದಿಕೊಂಡೇ ಇತ್ತು. ಗೋಡೆಯ ಬದಿಗೆ ಎರಡು ಬೆರಳು ದಪ್ಪ ಹಿಕ್ಕೆ ಕಟ್ಟಿತ್ತು. ಆ ಮನೆಯ ಹಿರಿಯಮ್ಮನವರು ಪೊರಕೆ ಹಿಡಿದೇ ನಿಂತಿದ್ದರು.

“ತಮ್ಮಾ, ಒಣಗಿದ್ದು ಒಂದ ಏಟಿಗೆ ಹೋಗ್ತದ. ನೀರ ಹಾಕಿದ್ರ ರಾಡಿ ಆಗ್ತದಲ್ಲೊ?” ಎಂದರು.

“ರಾಡಿ ಆಗಲಿ ಅವ್ವಾರ. ರಾಡಿ ಕಾಲಿಗೆ ಹತ್ತತದ, ದೂಳು ಎದಿಗೆ ಹತ್ತತದ” ಎಂದೆ. ಪೊರಕೆಯನ್ನು ಗೋಡೆಗೆ ಆನಿಸಿ ಇಟ್ಟರು, ಆದರೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಹತ್ತು ಲೀಟರಿನ ಒಂದು ಬಕೆಟ್ ನೀರಿಗೆ ಎರಡು ಚಮಚ ಬಟ್ಟೆ ತೊಳೆಯುವ ಪುಡಿ ಕಲಸಿದೆವು. ಸಾಬೂನು ಇಲ್ಲದ ನೀರು ಒಣ ಹಿಕ್ಕೆಯ ಮೇಲೆ ಹನಿಹನಿಯಾಗಿ ಉರುಳಿಹೋಗುತ್ತದೆ. ಸಾಬೂನಿದ್ದರೆ ಒಳಗೆ ಇಳಿಯುತ್ತದೆ. ನೀರನ್ನು ಬಕೆಟಿನಿಂದ ಎರಚಬಾರದು, ಏಕೆಂದರೆ ಎರಚಿದ ಪೆಟ್ಟಿಗೇ ದೂಳು ಏಳುತ್ತದೆ. ಸಸಿಗಳಿಗೆ ನೀರುಣಿಸುವ ಝಾರಿಯಿಂದ ಮೆಲ್ಲಗೆ ಹನಿಸಿದೆವು. ಝಾರಿ ಇಲ್ಲದವರು ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹಾಕಿಕೊಳ್ಳಬಹುದು. ಬೆನ್ನಿಗೆ ಹಾಕುವ ಔಷಧಿ ಪಂಪನ್ನು ಮಾತ್ರ ಈ ಕೆಲಸಕ್ಕೆ ತರಬೇಡಿರಿ. ಎಷ್ಟು ತೊಳೆದರೂ ಕಳೆನಾಶಕ, ಕೀಟನಾಶಕದ ಶೇಷ ಅದರಲ್ಲಿ ಉಳಿದಿರುತ್ತದೆ. ಬಾಲ್ಕನಿಯಲ್ಲಿ ನಾಳೆ ಮಕ್ಕಳು ಆಡುತ್ತಾರೆ.

ಪೂರ್ತಿ ನೆಂದ ಮೇಲೆ ಹಳೆಯ ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿದೆವು. ಬಿಸಿಲಿಗೆ ಮೇಲ್ಪದರ ಮತ್ತೆ ಒಣಗದಿರಲಿ ಎಂಬುದಕ್ಕಾಗಿ ಇದು. ಅರ್ಧ ತಾಸು ಕಾದು ಒಂದು ಮೂಲೆಯಲ್ಲಿ ಚೂಪು ಮಾಡಿದ ಬಿದಿರಿನ ಚಕ್ಕೆಯಿಂದ ಚುಚ್ಚಿ ನೋಡಿದೆವು. ಮೇಲೆ ಮೆತ್ತಗಾಗಿ, ತಳದಲ್ಲಿ ಇನ್ನೂ ಒಣ ಪುಡಿ ಕಾಣಿಸಿತು. ಹೀಗೆ ಕಂಡರೆ ಕೆರೆಯಬಾರದು. ಮತ್ತೊಮ್ಮೆ ನೀರು ಹನಿಸಿ ಕಾಯಬೇಕು. ಎರಡನೆಯ ಸಲ ಇಪ್ಪತ್ತು ನಿಮಿಷ ಬಿಟ್ಟ ಮೇಲೆ ಅಗಲವಾದ ಮರದ ಚಕ್ಕೆಗೆ ಅದು ರೊಟ್ಟಿಯ ಹಿಟ್ಟಿನಂತೆ ಎದ್ದುಬಂತು. ಕಬ್ಬಿಣದ ಸಲಿಕೆ ಬೇಡವೆಂದೆ, ಅದು ಸಿಮೆಂಟಿನ ನುಣುಪನ್ನು ಕೆರೆದುಬಿಡುತ್ತದೆ. ಗೀರಿದ ನೆಲದಲ್ಲಿ ಮುಂದಿನ ಹಿಕ್ಕೆ ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಒಂದು ಬುಟ್ಟಿ ತುಂಬ ಹಿಕ್ಕೆ ಸಿಕ್ಕಿತು. ಕಾಯುವ ಹೊತ್ತೂ ಸೇರಿ ಒಟ್ಟು ಎರಡು ತಾಸಿನ ಕೆಲಸ.

ಗುಡ್ಡೆ ಹೋದ ಮೇಲೆ ನೆಲದಲ್ಲಿ ಬಿಳಿಯ ಮಸುಕು ಉಳಿಯಿತು. ಅದಕ್ಕೆ ಬಟ್ಟೆ ಒಗೆಯುವ ಸೋಡಾ ಬೇಕು. ಯೂರಿಕ್ ಆಮ್ಲವು ಬರಿಯ ನೀರಿಗಿಂತ ಸೋಡಾದ ನೀರಿನಲ್ಲಿ ಹೆಚ್ಚು ಕರಗುತ್ತದೆ. ಅರ್ಧ ಬಕೆಟ್ ಬಿಸಿನೀರಿಗೆ ಒಂದು ಹಿಡಿ ಸೋಡಾ ಹಾಕಿ, ನೆಲಕ್ಕೆ ಸುರಿದು, ಹದಿನೈದು ನಿಮಿಷ ಬಿಟ್ಟು, ಬಿರುಸು ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಈಗ ತಿಕ್ಕಬಹುದು, ಏಕೆಂದರೆ ದೂಳು ಏಳುವಂಥದು ಏನೂ ಉಳಿದಿಲ್ಲ. ಸೋಡಾದ ನೀರು ಕೈಯ ಚರ್ಮವನ್ನು ಸುಡುತ್ತದೆ, ಅಲ್ಯೂಮಿನಿಯಂ ಕಿಟಕಿ ಮತ್ತು ತಗಡನ್ನು ಕಪ್ಪಾಗಿಸುತ್ತದೆ. ಅವುಗಳಿಗೆ ತಾಗದಂತೆ ನೋಡಿಕೊಳ್ಳಿರಿ.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬಾವಿಗೆ ಹಾಕಿ ಉಳಿದ ಪುಡಿಯನ್ನು ಹಿಕ್ಕೆಯ ಮೇಲೆ ಚೆಲ್ಲುವುದು ಕೆಲವು ಕಡೆ ರೂಢಿಯಲ್ಲಿದೆ. ಹಿಕ್ಕೆ ಕೊಳೆತಾಗ ಅಮೋನಿಯಾ ಏಳುತ್ತದೆ. ಬ್ಲೀಚಿಂಗ್ ಪುಡಿ ಅದರ ಜೊತೆ ಸೇರಿದರೆ ಕಣ್ಣು ಗಂಟಲು ಉರಿಸುವ ವಿಷದ ಹೊಗೆಯಾಗುತ್ತದೆ. ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಇವುಗಳ ಜೊತೆಗೆ ಸೇರಿದರೆ ಇನ್ನೂ ಕೆಟ್ಟದ್ದು. ರೋಗಾಣು ಸಾಯಲೆಂದು ಅದನ್ನು ಬಳಸಲೇಬೇಕಿದ್ದರೆ ಹಿಕ್ಕೆಯನ್ನೆಲ್ಲ ತೆಗೆದು, ನೆಲವನ್ನು ಎರಡು ಸಲ ಬರಿಯ ನೀರಿನಿಂದ ತೊಳೆದ ಮೇಲೆಯೇ ಬಳಸತಕ್ಕದ್ದು.

ಹಗ್ಗ ಮತ್ತು ಬಟ್ಟೆ

ಬಟ್ಟೆಗೆ ಹತ್ತುವ ಹಿಕ್ಕೆಯಲ್ಲಿ ಅರ್ಧ ಪಾಲು ಮೇಲಿನಿಂದ ಬೀಳುವುದಲ್ಲ, ಹಗ್ಗದಿಂದಲೇ ಬರುವುದು. ಹಿಂದಿನ ದಿನ ಹಕ್ಕಿ ಹಗ್ಗದ ಮೇಲೆ ಕೂತು ಹೋಗಿರುತ್ತದೆ. ಒಣಗಿದ ಹಿಕ್ಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒದ್ದೆ ಬಟ್ಟೆ ಹಾಕಿದ ಕೂಡಲೇ ಅದು ನೆಂದು ಬಟ್ಟೆಗೆ ಇಳಿಯುತ್ತದೆ. ಇಂಥ ಕಲೆಯ ಗುರುತು ಸುಲಭ. ಅದು ಮಡಿಕೆ ಬಿದ್ದ ಗೆರೆಯ ಮೇಲೆಯೇ, ಬಟ್ಟೆಯ ಒಳಮೈಗೆ ಇರುತ್ತದೆ. ಮೇಲಿನಿಂದ ಬಿದ್ದದ್ದು ಹೊರಮೈಗೆ, ಸಿಡಿದ ಚುಕ್ಕೆಗಳೊಂದಿಗೆ ಇರುತ್ತದೆ. ಮೊದಲನೆಯದಾದರೆ ಹಗ್ಗವನ್ನು ನೋಡಿಕೊಳ್ಳಬೇಕು, ಎರಡನೆಯದಾದರೆ ಹಗ್ಗ ಕಟ್ಟಿದ ಸ್ಥಳವನ್ನು.

ಪ್ಲಾಸ್ಟಿಕ್ ಹಗ್ಗವಾದರೆ ಬಟ್ಟೆ ಹಾಕುವ ಮೊದಲು ಒದ್ದೆ ಅರಿವೆಯನ್ನು ಮುಷ್ಟಿಯಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಮುಗಿಯಿತು. ಗಟ್ಟಿ ಕಚ್ಚಿದ್ದಲ್ಲಿ ಅರಿವೆಯನ್ನು ಒಂದೆರಡು ನಿಮಿಷ ಸುತ್ತಿಬಿಡಿರಿ. ತಂತಿಯಾದರೆ ಇದನ್ನು ತಪ್ಪಿಸಲೇಬಾರದು. ಹಿಕ್ಕೆ ಕೂತ ಕಡೆ ತಂತಿಯ ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಲೆ ಹಿಕ್ಕೆಯ ಕಲೆಗಿಂತ ಹಠಮಾರಿ. ತೆಂಗಿನ ನಾರಿನ ಹಗ್ಗ ಹಿಕ್ಕೆಯನ್ನು ಒಳಗೆ ಹೀರುತ್ತದೆ, ಒರೆಸಿದರೆ ಹೋಗುವುದಿಲ್ಲ. ಅದನ್ನು ಬಿಚ್ಚಿ ಸಾಬೂನಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಬೇಕು. ನನ್ನನ್ನು ಕೇಳಿದರೆ ಬಟ್ಟೆಗೆ ನಾರಿನ ಹಗ್ಗವೇ ಬೇಡ. ಅದು ದನ ಕಟ್ಟಲು ಇರಲಿ.

ಸ್ಥಳದ ವಿಷಯಕ್ಕೆ ನೆಲವೇ ಸಾಕ್ಷಿ ಹೇಳುತ್ತದೆ. ನೆಲದಲ್ಲಿ ಬಿಳಿ ಚುಕ್ಕೆಗಳು ದಟ್ಟವಾಗಿರುವ ಕಡೆ ತಲೆಯೆತ್ತಿ ನೋಡಿರಿ. ಮೇಲೆ ಕೊಂಬೆಯೋ ವಿದ್ಯುತ್ ತಂತಿಯೋ ಇರುತ್ತದೆ. ಹಗ್ಗವನ್ನು ಅಲ್ಲಿಂದ ಐದಾರು ಹೆಜ್ಜೆ ಸರಿಸಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ನೇರಳೆ ಮರದ ಬುಡದ ಹಗ್ಗವನ್ನು ಹಣ್ಣಿನ ಕಾಲದಲ್ಲಾದರೂ ಬೇರೆ ಕಡೆ ಕಟ್ಟಿರಿ.

ಇನ್ನು ಬಟ್ಟೆ. ಶಾಲೆಗೆ ಹೋಗುವ ಹುಡುಗನ ಬಿಳಿ ಅಂಗಿಯ ಮೇಲೆ ಹಸಿ ಹಿಕ್ಕೆ ಬಿದ್ದಿದೆಯೆನ್ನಿ. ಒರೆಸಬೇಡಿರಿ. ಚಮಚದ ಅಂಚನ್ನು ಕಲೆಯ ಹೊರಗಡೆಯಿಂದ ನಡುವಿನ ಕಡೆಗೆ ಸರಿಸಿ ಮೇಲಿನ ಸರವನ್ನು ಎತ್ತಿ ತೆಗೆಯಿರಿ. ಆಮೇಲೆ ಅಂಗಿಯನ್ನು ತಿರುವಿ, ಕಲೆಯ ಹಿಂಬದಿಯಿಂದ ತಣ್ಣೀರು ಹರಿಯಬಿಡಿರಿ. ಕಣಗಳು ಯಾವ ದಾರಿಯಿಂದ ಹೊಕ್ಕವೋ ಅದೇ ದಾರಿಯಿಂದ ಹೊರಗೆ ಬರಲಿ. ಮುಂಭಾಗದಿಂದ ನೀರು ಬಿಟ್ಟರೆ ಅವು ಎಳೆಗಳ ಒಳಕ್ಕೆ ಇಳಿಯುತ್ತವೆ. ಬಿಸಿನೀರು ಈ ಹಂತದಲ್ಲಿ ಖಂಡಿತ ಬೇಡ. ಕೋಳಿಮೊಟ್ಟೆಯ ಬಿಳಿಯು ಬಿಸಿಗೆ ಗಟ್ಟಿಯಾಗುವಂತೆ ಹಿಕ್ಕೆಯ ಅಂಟೂ ಬಿಸಿಗೆ ಗಟ್ಟಿಯಾಗಿ ಎಳೆಯನ್ನು ಹಿಡಿದುಬಿಡುತ್ತದೆ. ತಣ್ಣೀರಿನಲ್ಲಿ ಸೋಪಿನ ಪುಡಿ ಕಲಸಿ ಅರ್ಧ ತಾಸು ನೆನೆಹಾಕಿ, ಕಲೆಗೆ ಸಾಬೂನು ತಿಕ್ಕಿ, ಎಂದಿನಂತೆ ಒಗೆಯಿರಿ. ಒಗೆದ ಮೇಲೆ ಬೆಳಕಿಗೆ ಹಿಡಿದು ನೋಡಿರಿ. ಹಳದಿ ನೆರಳು ಇನ್ನೂ ಇದ್ದರೆ ಇಸ್ತ್ರಿ ಹಾಕದೆ ಮತ್ತೊಮ್ಮೆ ನೆನೆಹಾಕಬೇಕು; ಇಸ್ತ್ರಿಯ ಬಿಸಿಗೆ ಕಲೆ ಪಕ್ಕಾ ಆಗುತ್ತದೆ.

ಒಣಗಿ ಗಟ್ಟಿಯಾದ ಹಿಕ್ಕೆಯನ್ನು ಉಗುರಿನಿಂದ ಕೆರೆಯುವುದು ಬೇಡ. ಒದ್ದೆ ಅರಿವೆಯ ತುಂಡನ್ನು ಅದರ ಮೇಲೆ ಹತ್ತು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಮೇಲಿನ ಕ್ರಮವನ್ನೇ ಅನುಸರಿಸಿರಿ.

ನೇರಳೆ ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಎರಡು ಕಲೆಗಳು ಕೂಡಿರುತ್ತವೆ. ಹಿಕ್ಕೆಯ ಕಲೆ ಮೇಲಿನಂತೆ ಹೋಗುತ್ತದೆ, ನೇರಳೆಯ ಬಣ್ಣ ಉಳಿಯುತ್ತದೆ. ಈ ಬಣ್ಣಕ್ಕೆ ಒಂದು ವಿಚಿತ್ರ ಗುಣವಿದೆ. ಸಾಬೂನು ತಾಗಿದರೆ ನೀಲಿಗೋ ಹಸಿರಿಗೋ ತಿರುಗುತ್ತದೆ, ನಿಂಬೆರಸ ತಾಗಿದರೆ ಕೆಂಪಾಗುತ್ತದೆ. ಸಾಬೂನು ಹಚ್ಚಿದೊಡನೆ ಕಲೆ ನೀಲಿಯಾದದ್ದು ಕಂಡು ಬಟ್ಟೆ ಕೆಟ್ಟಿತೆಂದು ಗಾಬರಿಯಾಗಬೇಡಿರಿ. ಚೆನ್ನಾಗಿ ಜಾಲಿಸಿ ಸಾಬೂನನ್ನೆಲ್ಲ ತೆಗೆದು, ನಿಂಬೆರಸ ಹಚ್ಚಿ, ಬಿಳಿ ಹತ್ತಿಯ ಬಟ್ಟೆಯಾದರೆ ಅರ್ಧ ತಾಸು ಬಿಸಿಲಿನಲ್ಲಿ ಇಟ್ಟು ಜಾಲಿಸಿರಿ. ಎರಡು ಮೂರು ಸಲ ಮಾಡಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಆಗಲೂ ಉಳಿದರೆ, ನಿಂಬೆಯನ್ನು ಪೂರ್ತಿ ತೊಳೆದು ತೆಗೆದ ಮೇಲೆ, ಔಷಧಿ ಅಂಗಡಿಯ ಮೂರು ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಕಲೆಗೆ ಹನಿಸಿ ಕಾಲು ತಾಸು ಬಿಟ್ಟು ತೊಳೆಯಬಹುದು. ಬಣ್ಣದ ಬಟ್ಟೆಗೆ ಇವೆರಡೂ ಬೇಡ, ಬಟ್ಟೆಯ ಬಣ್ಣವೇ ಹೋದೀತು.

ಮದುವೆಗೆ ಉಟ್ಟ ಇಳಕಲ್ ಸೀರೆಯ ಮಾತು ಬೇರೆ. ಅದರ ಸೆರಗು ರೇಷ್ಮೆ. ರೇಷ್ಮೆ ಹುಳದಿಂದ ಬಂದ ಎಳೆ. ಅದೂ ಒಂದು ಬಗೆಯ ಪ್ರೋಟೀನು. ಹಿಕ್ಕೆಯ ಅಂಟನ್ನು ಕಡಿಯುವ ಸೋಡಾ, ಕಿಣ್ವ ಬೆರೆಸಿದ ಹೊಸ ಬಗೆಯ ಸೋಪಿನ ಪುಡಿ ಇವು ರೇಷ್ಮೆಯನ್ನೂ ಕಡಿಯುತ್ತವೆ. ಅದಕ್ಕೆ ತಣ್ಣೀರು, ತಲೆಗೆ ಹಾಕುವ ಸೌಮ್ಯವಾದ ಶಾಂಪೂ ಎರಡು ಹನಿ, ಇಷ್ಟೇ. ಮೊದಲು ಸೆರಗಿನ ಒಳಗಿನ ಮೂಲೆಗೆ ಒದ್ದೆ ಬಿಳಿ ಅರಿವೆ ಒತ್ತಿ ನೋಡಿರಿ. ಅರಿವೆಗೆ ಕೆಂಪು ಹತ್ತಿದರೆ ಮನೆಯಲ್ಲಿ ಕೈಹಚ್ಚದೆ, ಅಂಥ ಬಟ್ಟೆ ತೊಳೆದು ಬಲ್ಲವರಿಗೆ ಕೊಡುವುದು ಲೇಸು.

ಬಣ್ಣ ಹಚ್ಚಿದ ಬಾಗಿಲು, ಗೋಡೆ, ಗಾಡಿ

ಎಣ್ಣೆ ಬಣ್ಣ ಹಚ್ಚಿದ ಬಾಗಿಲು, ಟ್ರ್ಯಾಕ್ಟರಿನ ಮುಂಭಾಗ, ಮೋಟರ್ ಸೈಕಲ್ಲಿನ ಟ್ಯಾಂಕು ಇವುಗಳ ಮೇಲೆ ಬಿದ್ದ ಹಿಕ್ಕೆಗೆ ಗಡಿಯಾರದ ಲೆಕ್ಕವಿದೆ. ಬಿಸಿಲಿಗೆ ಕಾದ ಬಣ್ಣ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಹಿಕ್ಕೆ ಅದರ ಮೇಲೆ ಒಣಗಿ ಬಿಗಿಯುತ್ತದೆ. ಸಂಜೆ ತಂಪಾದಾಗ ಬಣ್ಣ ಕುಗ್ಗಿ, ಹಿಕ್ಕೆಯ ಉಬ್ಬುತಗ್ಗಿನ ಅಚ್ಚನ್ನೇ ಹಿಡಿಯುತ್ತದೆ. ಹಿಕ್ಕೆಯ ಹುಳಿಯೂ ತನ್ನ ಕೆಲಸ ಮಾಡುತ್ತದೆ. ಬೆಳಿಗ್ಗೆ ಬಿದ್ದದ್ದನ್ನು ಬಿಸಿಲೇರುವುದರೊಳಗೆ ತೆಗೆದರೆ ಗುರುತೂ ಉಳಿಯುವುದಿಲ್ಲ. ನಾಲ್ಕು ದಿನ ಬಿಟ್ಟರೆ ಹೊಳಪು ಹೋದ ಉಂಗುರ ಕಾಯಂ ಆಗಬಹುದು.

ಇಲ್ಲಿ ಕೂಡ ಒರೆಸುವುದೇ ದೊಡ್ಡ ತಪ್ಪು. ಹಕ್ಕಿಯ ಹಿಕ್ಕೆಯಲ್ಲಿ ಮರಳಿನ ಕಣ, ಬೀಜದ ಚೂರು ಇರುತ್ತವೆ. ಅರಿವೆಯಿಂದ ಎಳೆದರೆ ಅವು ಬಣ್ಣದ ಮೇಲೆ ಗೀರು ಹಾಕುತ್ತವೆ. ಮೆತ್ತನೆಯ ಅರಿವೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಿಕ್ಕೆಯ ಮೇಲೆ ಹತ್ತು ನಿಮಿಷ ಮಲಗಿಸಿರಿ. ಬಳಿಕ ಅದೇ ಅರಿವೆಯಿಂದ ಚಿವುಟಿ ಎತ್ತುವಂತೆ ತೆಗೆದು, ಹೊಸ ನೀರು ಹನಿಸಿ ತೊಳೆಯಿರಿ. ಬಾಲ್ಕನಿಗೆ ಹೇಳಿದ ಸೋಡಾದ ನೀರನ್ನು ಎಣ್ಣೆ ಬಣ್ಣಕ್ಕೆ ಹಾಕಬೇಡಿರಿ. ಎಣ್ಣೆ ಮತ್ತು ಕ್ಷಾರ ಸೇರಿದರೆ ಸಾಬೂನಾಗುತ್ತದಲ್ಲವೆ? ಎಣ್ಣೆ ಬಣ್ಣವೂ ಹಾಗೆಯೇ ಮೆತ್ತಗಾಗಿ ಏಳುತ್ತದೆ. ತೊಳೆದು ಒಣಗಿದ ಮೇಲೆ ಓರೆಯಾಗಿ ನಿಂತು ಬೆಳಕಿನಲ್ಲಿ ನೋಡಿರಿ. ಬೆರಳಿಗೆ ಏನೂ ತಾಗದೆ ಕಣ್ಣಿಗೆ ಮಾತ್ರ ಮಂಕು ಉಂಗುರ ಕಂಡರೆ ಅದು ಹಿಕ್ಕೆಯಲ್ಲ, ಕೆಟ್ಟ ಬಣ್ಣ. ಅದನ್ನು ಇನ್ನೂ ತಿಕ್ಕಿದರೆ ಕಲೆ ಹೋಗುವುದಿಲ್ಲ, ಬಣ್ಣವೇ ಹೋಗುತ್ತದೆ. ಗಾಡಿಯಾದರೆ ಪಾಲಿಶಿನಿಂದ ಸ್ವಲ್ಪ ಸರಿಯಾದೀತು. ಬಾಗಿಲಾದರೆ ಮುಂದಿನ ಸಲ ಬಣ್ಣ ಹಚ್ಚುವವರೆಗೆ ಸುಮ್ಮನಿರಬೇಕು.

ಸುಣ್ಣ ಹಚ್ಚಿದ ಗೋಡೆಗೆ ಇಷ್ಟು ಆರೈಕೆ ಬೇಡ. ನೆನೆಸಿ, ಚಕ್ಕೆಯಿಂದ ತೆಗೆದು, ಒಣಗಿದ ಮೇಲೆ ಅಷ್ಟೇ ಜಾಗಕ್ಕೆ ತೆಳುವಾಗಿ ಎರಡು ಸಲ ಸುಣ್ಣ ಹೊಡೆದರೆ ಆಯಿತು. ನಿಂಬೆ, ಹುಣಸೆ, ಆಮ್ಲ ಯಾವುದನ್ನೂ ಅದಕ್ಕೆ ಹಚ್ಚಬೇಡಿರಿ. ಹುಳಿ ತಾಗಿದ ಸುಣ್ಣ ನೊರೆಯೆದ್ದು ಕಿತ್ತುಬರುತ್ತದೆ.

ತೆಗೆದ ಹಿಕ್ಕೆಯನ್ನು ಏನು ಮಾಡುವುದು

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಆ ಊರವರು ಮರದ ಬುಡದಲ್ಲಿ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಚೆನ್ನಾಗಿವೆ. ಆದರೆ ಹಸಿಯದನ್ನು ಗಿಡದ ಬುಡಕ್ಕೆ ಹಾಕಿದರೆ ಅಮೋನಿಯಾದಿಂದ ಎಳೆಯ ಬೇರು ಸುಡುತ್ತದೆ. ಇಂದೂರಿನ ಆ ಒಂದು ಬುಟ್ಟಿಯನ್ನು ನಾವು ಐದಾರು ಬುಟ್ಟಿ ಒಣ ತರಗು, ಹುಲ್ಲಿನೊಂದಿಗೆ ಪದರು ಪದರಾಗಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಂದು ಗೇಣು ಮಣ್ಣು ಮುಚ್ಚಿದೆವು. ನಾಲ್ಕು ತಿಂಗಳ ಮೇಲೆ ತೆಗೆದರೆ ಸಾಕು. ಸೊಪ್ಪು ಮತ್ತು ಹಸಿಯಾಗಿ ತಿನ್ನುವ ತರಕಾರಿಯ ಮಡಿಗೆ ಇದನ್ನು ಹಾಕದಿರುವುದು ಲೇಸು. ಅಂಗಳದಲ್ಲಿ ಹಕ್ಕಿಗಳು ಗುಂಪಾಗಿ ಸತ್ತು ಬಿದ್ದದ್ದು ಕಂಡಾಗ ಮಾತ್ರ ಹಿಕ್ಕೆಯನ್ನಾಗಲಿ ಹಕ್ಕಿಯನ್ನಾಗಲಿ ಮುಟ್ಟದೆ ಪಶು ವೈದ್ಯರಿಗೆ ತಿಳಿಸಿರಿ.

ಬಾಲ್ಕನಿ ತೊಳೆದ ವಾರಕ್ಕೆ ಪಾರಿವಾಳ ಮತ್ತೆ ಬರುತ್ತದೆ, ಇದು ಖಂಡಿತ. ತಾರಸಿಯಲ್ಲಿ ಉದುರಿದ ಕಾಳನ್ನು ಸಂಜೆಗೆ ಗುಡಿಸಿ ತೆಗೆಯಿರಿ, ಬಾಲ್ಕನಿಯ ಬಾಯಿಗೆ ನೈಲಾನ್ ಬಲೆ ಬಿಗಿಯಾಗಿ ಕಟ್ಟಿರಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ. ಕಟ್ಟುವ ಮುನ್ನ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದೆಯೇ ನೋಡಿರಿ. ಇದ್ದರೆ ಸುಮಾರು ಒಂದೂವರೆ ತಿಂಗಳು ತಾಳಿರಿ. ಮೊಟ್ಟೆ ಒಡೆಯಲು ಹದಿನೆಂಟು ದಿನ, ಮರಿ ಹಾರಲು ಮತ್ತೊಂದು ತಿಂಗಳು. ಪಡಸಾಲೆಯ ತೊಲೆಗೆ ಮಣ್ಣಿನ ಗೂಡು ಕಟ್ಟುವ ಕವಲುತೋಕೆ ಹಕ್ಕಿಯನ್ನು ಓಡಿಸಲು ಅನೇಕರಿಗೆ ಮನಸ್ಸಿಲ್ಲ. ಅವರು ಗೂಡಿನಿಂದ ಒಂದು ಮೊಳ ಕೆಳಗೆ ಅಂಗೈಯೆರಡು ಅಗಲದ ಹಲಗೆಯನ್ನು ಹೊಡೆದು, ಮೇಲೆ ಹಳೆಯ ಕಾಗದ ಹಾಸಲಿ. ಹಿಕ್ಕೆಯೆಲ್ಲ ಹಲಗೆಗೆ ಬೀಳುತ್ತದೆ. ವಾರಕ್ಕೊಮ್ಮೆ ಕಾಗದಕ್ಕೆ ನೀರು ಚಿಮುಕಿಸಿ, ಮಡಚಿ, ಗುಂಡಿಗೆ ಹಾಕಿ ಹೊಸ ಕಾಗದ ಹಾಸಿದರಾಯಿತು.